ಅಪ್ಪನ ಪಿಎಸ್‌ಎ 3.4 ಬಂದಿದೆ. ಫಿನಾಸ್ಟರೈಡ್ ತಗೊಳ್ಳುವವರಿಗೂ ‘4ರ ಒಳಗೆ ನಾರ್ಮಲ್’ ಅನ್ನೋ ಲೆಕ್ಕವೇನಾ?

ಕಕ್ಕಬ್ಬೆ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 68 ವರ್ಷ. ಎರಡು ವರ್ಷದ ಹಿಂದೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ಮೈಸೂರಿನಲ್ಲಿ ತೋರಿಸಿದಾಗ ಪ್ರಾಸ್ಟೇಟ್ ದೊಡ್ಡದಾಗಿದೆ ಎಂದರು. ಆಗ ರಕ್ತದಲ್ಲಿ ಪ್ರಾಸ್ಟೇಟಿನ ಪ್ರೋಟೀನ್ ಎಷ್ಟಿದೆ ಎಂದು ನೋಡುವ ಪಿಎಸ್‌ಎ 5.0 ಇತ್ತು. ಬಯಾಪ್ಸಿ ಮಾಡಿ ಕ್ಯಾನ್ಸರ್ ಏನೂ ಕಾಣಲಿಲ್ಲ ಎಂದು ಎರಡು ಔಷಧಿ ಕೊಟ್ಟರು: ಟಾಮ್ಸುಲೋಸಿನ್ ಕ್ಯಾಪ್ಸೂಲ್, ಫಿನಾಸ್ಟರೈಡ್ 5 ಮಿಲಿಗ್ರಾಂ ಮಾತ್ರೆ. ಒಂದು ವರ್ಷ ಆದ ಮೇಲೆ ಪಿಎಸ್‌ಎ 2.4ಕ್ಕೆ ಇಳಿಯಿತು.

ಈಗ ಊರಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ರಕ್ತ ಕೊಟ್ಟರು. 3.4 ಬಂದಿದೆ. ರಿಪೋರ್ಟಿನಲ್ಲಿ ಪಕ್ಕದಲ್ಲೇ ‘0–4’ ಎಂದು ಅಚ್ಚಾಗಿದೆ. ಅಲ್ಲಿದ್ದವರು ನಾರ್ಮಲ್, ಹೋಗಿ ಎಂದರು. ಅಮ್ಮನಿಗೆ ಖುಷಿ. ಮಾವ ಅಂತೂ ಇನ್ನು ಮಾತ್ರೆ ಯಾಕೆ, ನಿಲ್ಲಿಸಿ ಎನ್ನುತ್ತಿದ್ದಾರೆ. ನನಗೆ ಮಾತ್ರ 2.4 ಇದ್ದದ್ದು 3.4 ಯಾಕಾಯಿತು ಅನ್ನೋ ಅನುಮಾನ. ಕಾಫಿ ಕುಯ್ಲು ನಡೀತಿದೆ, ಆಳುಗಳು ಸಿಗ್ತಿಲ್ಲ, ಅಪ್ಪ ತೋಟ ಬಿಟ್ಟು ಬರಲ್ಲ ಅಂತಾರೆ. ಈಗಲೇ ಮೈಸೂರಿಗೆ ಕರ್ಕೊಂಡು ಹೋಗಬೇಕಾ, ಮಾರ್ಚ್ ತನಕ ಕಾಯಬಹುದಾ?

ಏಲಕ್ಕಿ ಮಲೆ
4ರ ಒಳಗೆ ಇದ್ದರೆ ತೊಂದರೆ ಇಲ್ಲ. ನಮ್ಮ ದೊಡ್ಡಪ್ಪನಿಗೂ 3.6 ಇದೆ, ಹತ್ತು ವರ್ಷದಿಂದ ಆರಾಮಾಗಿದ್ದಾರೆ.

ವಿರಾಜಪೇಟೆ ಮೆಡಿಕಲ್
ಏಲಕ್ಕಿಯವರೇ, ನಿಮ್ಮ ದೊಡ್ಡಪ್ಪ ಫಿನಾಸ್ಟರೈಡ್ ತಗೊಳ್ತಾರಾ? ತಗೊಳ್ಳದಿದ್ದರೆ ಆ ಲೆಕ್ಕ ಬೇರೆ. ಈ ಮಾತ್ರೆ ಪಿಎಸ್‌ಎಯನ್ನು ಅರ್ಧ ಮಾಡುತ್ತೆ. ಹಾಗಾಗಿ ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು. 3.4 ಅಂದರೆ 6.8. 4ಕ್ಕಿಂತ ಜಾಸ್ತಿ, ಅಂದರೆ ಕ್ಯಾನ್ಸರ್ ಇರಬಹುದು. ತಕ್ಷಣ ಹೋಗಿ. ನಾನು ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿಯಲ್ಲಿದ್ದೀನಿ.

ಕಕ್ಕಬ್ಬೆ ಹುಡುಗ
ಅಯ್ಯೋ, ಇದನ್ನು ಯಾರೂ ಹೇಳಿರಲಿಲ್ಲ. 6.8 ಅಂದರೆ ಮಾತ್ರೆ ಶುರು ಮಾಡುವ ಮೊದಲಿಗಿಂತ ಜಾಸ್ತಿ ಆಯ್ತಲ್ಲ!

ಮಡಿಕೇರಿ ಮಂಜು
ಸುಮ್ನೆ ಹೆದರಿಸಬೇಡಿ ಸ್ವಾಮಿ. ಪಿಎಸ್‌ಎ ಸೈಕಲ್ ಹೊಡೆದರೂ ಏರುತ್ತೆ ಅಂತಾರೆ.

ಬೆಟ್ಟದ ಡಾಕ್ಟ್ರು
ಮೂತ್ರಾಂಗ ಶಸ್ತ್ರಚಿಕಿತ್ಸಕನಾಗಿದ್ದು ನಿವೃತ್ತನಾಗಿ ಈಗ ಸೋಮವಾರಪೇಟೆ ಕಡೆ ಇದ್ದೇನೆ. ಮೆಡಿಕಲ್‌ನವರು ಹೇಳಿದ್ದು ಅರ್ಧ ಸರಿ. ಇನ್ನರ್ಧವನ್ನು ನಿಧಾನವಾಗಿ ಹೇಳುತ್ತೇನೆ.

ನಮ್ಮ ದೇಹದಲ್ಲಿ ಟೆಸ್ಟೋಸ್ಟೆರಾನ್‌ನ ಒಂದು ಪಾಲು ಡಿಎಚ್‌ಟಿ ಎಂಬ ಇನ್ನೂ ಗಟ್ಟಿ ಹಾರ್ಮೋನ್ ಆಗಿ ಬದಲಾಗುತ್ತದೆ. ಪ್ರಾಸ್ಟೇಟ್ ದಪ್ಪ ಆಗುವುದೂ, ಗಂಡಸರ ನೆತ್ತಿ ಬೋಳಾಗುವುದೂ ಮುಖ್ಯವಾಗಿ ಅದರಿಂದ. ಫಿನಾಸ್ಟರೈಡ್ ಟೆಸ್ಟೋಸ್ಟೆರಾನ್ ಅನ್ನು ಮುಟ್ಟುವುದಿಲ್ಲ. ಡಿಎಚ್‌ಟಿ ಆಗಿ ಬದಲಾಯಿಸುವ ಕಿಣ್ವವನ್ನು ಹಿಡಿದುಕೊಳ್ಳುತ್ತದೆ. ರಕ್ತದಲ್ಲಿ ಡಿಎಚ್‌ಟಿ ಸುಮಾರು 70% ಇಳಿಯುತ್ತದೆ, ಪ್ರಾಸ್ಟೇಟ್ ಸೊರಗುತ್ತದೆ, ಅದು ಸುರಿಸುವ ಪಿಎಸ್‌ಎ ಆರು ತಿಂಗಳಿಂದ ಒಂದು ವರ್ಷದೊಳಗೆ ಹತ್ತಿರ ಹತ್ತಿರ ಅರ್ಧ ಆಗುತ್ತದೆ. ನಿಮ್ಮ ತಂದೆಯವರಿಗೆ 5.0 ಇದ್ದದ್ದು 2.4 ಆಗಿದೆ. ಮದ್ದು ಕೆಲಸ ಮಾಡಿದೆ ಅಂತ ಇದೇ ಹೇಳುತ್ತಿದೆ.

ಮದ್ದು ಶುರುವಾಗಿ ಒಂದು ವರ್ಷ ಕಳೆದ ಮೇಲೆ ಆ ತಳದ ಸಂಖ್ಯೆಯೇ ನಮ್ಮ ಹೊಸ ಗುರುತು. ಅಲ್ಲಿಂದ ಪಿಎಸ್‌ಎ ಇಳಿಯಬೇಕು ಅಥವಾ ಹಾಗೇ ನಿಲ್ಲಬೇಕು. ಏರಿದರೆ, ಅದು 4ರ ಒಳಗಿದ್ದರೂ, ಯಾಕೆ ಎಂದು ನೋಡಲೇಬೇಕು. ನಾನು ಕಂಡ ಹಾಗೆ ಕೇಸುಗಳು ತಪ್ಪಿಹೋಗುವುದು ಇಲ್ಲೇ. ರಿಪೋರ್ಟಿನ ‘0–4’ ನೋಡಿ ಎಲ್ಲರೂ ಸಮಾಧಾನ ಆಗಿಬಿಡುತ್ತಾರೆ. ಲ್ಯಾಬಿನವರಿಗೆ ರೋಗಿ ಯಾವ ಮಾತ್ರೆ ತಗೊಳ್ತಾರೆ ಅಂತ ಗೊತ್ತಿರುವುದಿಲ್ಲ.

ಆದರೆ 6.8 ಅಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಮೂತ್ರದ ಸೋಂಕು ಇದ್ದರೂ, ಟ್ಯೂಬ್ ಹಾಕಿದ್ದರೂ, ಹಿಂದಿನ ದಿನ ವೀರ್ಯ ಹೋಗಿದ್ದರೂ ಏರುತ್ತದೆ. ಮಂಜು ಅವರು ಹೇಳಿದ ಸೈಕಲ್ ಕೂಡ ಸ್ವಲ್ಪ ಏರಿಸಬಹುದು. ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಅಪ್ಪ ಮಾತ್ರೆಯನ್ನು ದಿನಾ ತಪ್ಪದೆ ತಗೊಳ್ತಿದ್ದಾರಾ? ಬಿಟ್ಟಿದ್ದರೆ ಪಿಎಸ್‌ಎ ತಾನಾಗಿ ಹಳೆಯ ಮಟ್ಟಕ್ಕೆ ಏರುತ್ತದೆ.

ಮಾವನವರಿಗೆ ಹೇಳಿ, ಮಾತ್ರೆ ನಿಲ್ಲಿಸಿದರೆ ಪ್ರಾಸ್ಟೇಟ್ ಮತ್ತೆ ಬೆಳೆಯುತ್ತದೆ. ಟಾಮ್ಸುಲೋಸಿನ್ ಕೆಲವೇ ದಿನದಲ್ಲಿ ದಾರಿ ಸಡಿಲ ಮಾಡುತ್ತದೆ. ಫಿನಾಸ್ಟರೈಡ್‌ನ ಗುಣ ಕಾಣಲು ಆರು ತಿಂಗಳು ಬೇಕು. ಎರಡೂ ಬೇರೆ ಬೇರೆ ಕೆಲಸ.

ವಿರಾಜಪೇಟೆ ಮೆಡಿಕಲ್
ಒಪ್ಪಿದೆ ಡಾಕ್ಟ್ರೇ. ಆದರೆ ಎರಡರಿಂದ ಗುಣಿಸೋದು ಸರಿ ತಾನೆ?

ಬೆಟ್ಟದ ಡಾಕ್ಟ್ರು
ಒರಟು ಲೆಕ್ಕಕ್ಕೆ ಸರಿ. ಮದ್ದು ಶುರುವಾದ ಮೊದಲ ಕೆಲವು ತಿಂಗಳಲ್ಲಿ ಗುಣಿಸಿದರೆ ತಪ್ಪಾಗುತ್ತದೆ, ಯಾಕೆಂದರೆ ಇನ್ನೂ ಅರ್ಧ ಇಳಿದಿರುವುದಿಲ್ಲ. ಬಹಳ ವರ್ಷ ತಗೊಂಡವರಲ್ಲಿ ಎರಡಕ್ಕಿಂತ ಸ್ವಲ್ಪ ಜಾಸ್ತಿಯೇ ಗುಣಿಸಬೇಕಾಗುತ್ತದೆ. ನಾನು ಗುಣಾಕಾರಕ್ಕಿಂತ ತಳದಿಂದ ಎಷ್ಟು ಏರಿತು ಅನ್ನೋದನ್ನೇ ಹೆಚ್ಚು ನಂಬುತ್ತೇನೆ.

ಸುಂಟಿಕೊಪ್ಪ ಅಜ್ಜಿ ಮನೆ
ನಮ್ಮ ಅತ್ತೆಯವರು ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ತಗೊಳ್ತಾರೆ. ಮುಖ ಎಲ್ಲ ಊದಿದೆ. ಅದು ಕೂಡ ಈ ಹಾರ್ಮೋನ್ ಜಾತಿಯದ್ದೇ ಅಲ್ವಾ? ನಿಲ್ಲಿಸಿಬಿಡಲಾ?

ಬೆಟ್ಟದ ಡಾಕ್ಟ್ರು
ಅಮ್ಮಾ, ದಯವಿಟ್ಟು ನಿಲ್ಲಿಸಬೇಡಿ. ಅದು ಪ್ರೆಡ್ನಿಸೊಲೋನ್ ಜಾತಿ, ಬೇರೆಯೇ ಗುಂಪು. ಬಹಳ ದಿನ ತಗೊಂಡು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಕಡಿಮೆ ಮಾಡಬೇಕಾದರೆ ಕೊಟ್ಟ ವೈದ್ಯರೇ ಹಂತ ಹಂತವಾಗಿ ಮಾಡಬೇಕು.

ಕಕ್ಕಬ್ಬೆ ಹುಡುಗ
ಡಾಕ್ಟ್ರೇ, ನಿಮ್ಮ ಪ್ರಶ್ನೆ ಓದಿ ಅಮ್ಮನನ್ನು ಕೇಳಿದೆ. ಒಂದು ವಿಷಯ ಹೊರಗೆ ಬಂತು. ತಮ್ಮನಿಗೆ 29 ವರ್ಷ, ನೆತ್ತಿ ಕಾಣೋಕೆ ಶುರುವಾಗಿದೆ. ಯಾರೋ ಹೇಳಿದರಂತೆ, ಕೂದಲಿಗೆ ಕೊಡೋದೂ ಇದೇ ಮಾತ್ರೆ, ಬರೀ 1 ಮಿಲಿಗ್ರಾಂ ಅಂತ. ಅಪ್ಪನ ಮಾತ್ರೆಯನ್ನು ನಾಲ್ಕು ತುಂಡು ಮಾಡಿ ದಿನಾ ಒಂದು ತುಂಡು ತಗೊಳ್ತಿದ್ದಾನೆ, ಸುಮಾರು ಎಂಟು ತಿಂಗಳಿಂದ. ತಿಂಗಳಿಗೆ ಏಳೆಂಟು ಮಾತ್ರೆ ಅವನಿಗೇ ಹೋಗುತ್ತೆ. ತಿಂಗಳ ಕೊನೆಗೆ ಕಡಿಮೆ ಬಿದ್ದಾಗ ಅಮ್ಮ ಅಪ್ಪನಿಗೆ ದಿನ ಬಿಟ್ಟು ದಿನ ಕೊಡ್ತಿದ್ದರಂತೆ. ಪಿಎಸ್‌ಎ ಏರಿದ್ದು ಇದರಿಂದಲೇ ಇರಬಹುದಾ?

ಇನ್ನೊಂದು. ಮಾತ್ರೆ ಕತ್ತರಿಸೋದು ತಮ್ಮನ ಹೆಂಡತಿ. ಅಡುಗೆ ಚಾಕುವಿನಲ್ಲಿ. ಅವಳಿಗೆ ಈಗ ಐದು ತಿಂಗಳು.

ವಿರಾಜಪೇಟೆ ಮೆಡಿಕಲ್
ಮೊದಲು ಅವಳ ಕೈಯಿಂದ ಚಾಕು ತಗೊಳ್ಳಿ!

ಮಡಿಕೇರಿ ಮಂಜು
ಸಿಕ್ಕಿತಲ್ಲ ಉತ್ತರ. ಮಾತ್ರೆ ತಪ್ಪಿದೆ, ಪಿಎಸ್‌ಎ ಏರಿದೆ. ಇನ್ನು ಮೈಸೂರು ಬೇಕಾಗಿಲ್ಲ.

ಬೆಟ್ಟದ ಡಾಕ್ಟ್ರು
ಮಂಜು ಅವರೇ, ಹಾಗೆ ಮುಗಿಸಬೇಡಿ. ನಮ್ಮ ಮನಸ್ಸು ಒಪ್ಪುವ ಕಾರಣ ಇದು, ಅದಕ್ಕೇ ಇನ್ನೊಮ್ಮೆ ಪರೀಕ್ಷೆ ಮಾಡಬೇಕು.

ಫಿನಾಸ್ಟರೈಡ್ ರಕ್ತದಿಂದ ಬೇಗ ಹೋಗುತ್ತದೆ, ಆದರೆ ಕಿಣ್ವವನ್ನು ಹಿಡಿದದ್ದು ಅಷ್ಟು ಬೇಗ ಬಿಡುವುದಿಲ್ಲ. ಪೂರ್ತಿ ನಿಲ್ಲಿಸಿದರೂ ಡಿಎಚ್‌ಟಿ ಹಳೆಯ ಮಟ್ಟಕ್ಕೆ ಬರಲು ಸುಮಾರು ಎರಡು ವಾರ ಬೇಕು. ಅಷ್ಟೇ ಅಲ್ಲ, ಈ ಮದ್ದಿನಲ್ಲಿ ಪ್ರಮಾಣ ಕಡಿಮೆ ಮಾಡಿದಷ್ಟೂ ಪರಿಣಾಮ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ. 5 ಮಿಲಿಗ್ರಾಂ ತಗೊಂಡವರಿಗೂ, ಬರೀ 0.2 ಮಿಲಿಗ್ರಾಂ ತಗೊಂಡವರಿಗೂ ರಕ್ತದ ಡಿಎಚ್‌ಟಿ ಇಳಿದದ್ದು ಬಹುತೇಕ ಒಂದೇ. ಅಂದ ಮೇಲೆ ತಿಂಗಳ ಕೊನೆಯಲ್ಲಿ ದಿನ ಬಿಟ್ಟು ದಿನ ತಗೊಂಡದ್ದರಿಂದ 2.4 ಇದ್ದದ್ದು 3.4 ಆಗುವುದು ಕಷ್ಟ. ಮಧ್ಯೆ ವಾರಗಟ್ಟಲೆ ಪೂರ್ತಿ ಬಿಟ್ಟಿದ್ದರೆ ಆಗ ಮಾತು ಬೇರೆ. ಅಮ್ಮನನ್ನು ಕೇಳಿ ನಿಜ ತಿಳಿದುಕೊಳ್ಳಿ. ಈ ಮದ್ದು ತಗೊಳ್ಳುತ್ತಿರುವಾಗಲೇ ಪಿಎಸ್‌ಎ ಏರಿದರೆ ವೈದ್ಯರು ಕೇಳುವ ಮೊದಲ ಎರಡು ಪ್ರಶ್ನೆ: ಕ್ಯಾನ್ಸರ್ ಇದೆಯಾ, ಮಾತ್ರೆ ಬಿಟ್ಟಿದ್ದಾರಾ.

ಮಾಡಬೇಕಾದದ್ದು ಇಷ್ಟು. ಇವತ್ತಿಂದ ಅಪ್ಪನಿಗೆ ಇಡೀ ಮಾತ್ರೆ, ದಿನಾ. ಮೂತ್ರ ಪರೀಕ್ಷೆ ಮಾಡಿಸಿ ಸೋಂಕು ಇಲ್ಲವೆಂದು ನೋಡಿ. ಆರು ವಾರ ಆದ ಮೇಲೆ ಅದೇ ಲ್ಯಾಬಿನಲ್ಲಿ ಪಿಎಸ್‌ಎ ಮತ್ತೆ ಮಾಡಿಸಿ. ಯುರಾಲಜಿಸ್ಟ್ ಅಪಾಯಿಂಟ್‌ಮೆಂಟ್ ಈಗಲೇ ತಗೊಂಡಿಡಿ, ರಿಪೋರ್ಟ್ ಬಂದ ಮೇಲೆ ಹುಡುಕೋದು ಬೇಡ. ಅವರು ಬೆರಳು ಹಾಕಿ ನೋಡುತ್ತಾರೆ, ಬೇಕೆನಿಸಿದರೆ ಎಂಆರ್‌ಐ ಬರೆಯುತ್ತಾರೆ.

ಸೊಸೆಯ ವಿಷಯ. ಗಂಡು ಮಗುವಿನ ಜನನಾಂಗ ರೂಪುಗೊಳ್ಳಲು ಗರ್ಭದಲ್ಲಿ ಡಿಎಚ್‌ಟಿ ಬೇಕು. ಮುಖ್ಯವಾದ ಕಾಲ ಮೂರನೇ ತಿಂಗಳ ಆಸುಪಾಸು. ಇಡೀ ಮಾತ್ರೆಗೆ ಮೇಲೊಂದು ಪೊರೆ ಇರುತ್ತದೆ, ಮುಟ್ಟಿದರೆ ತೊಂದರೆ ಇಲ್ಲ. ಕತ್ತರಿಸಿದ ಮಾತ್ರೆಯ ಪುಡಿಯನ್ನು ಬಸುರಿಯರು ಮುಟ್ಟಬಾರದು. ಇಷ್ಟು ದಿನ ಮುಟ್ಟಿದ್ದಕ್ಕೆ ಹೆದರಿ ನಿದ್ದೆ ಕೆಡಿಸಿಕೊಳ್ಳಬೇಡಿ, ಚರ್ಮದಿಂದ ಒಳಗೆ ಹೋಗುವುದು ತೀರಾ ಕಡಿಮೆ. ಆದರೆ ಮುಂದಿನ ಸ್ಕ್ಯಾನ್‌ಗೆ ಹೋದಾಗ ವೈದ್ಯೆಗೆ ಹೇಳಿ. ಆ ಚಾಕು, ಮಣೆ ಸೋಪಿನಲ್ಲಿ ತೊಳೆಯಿರಿ.

ಪೊನ್ನಂಪೇಟೆ ಟೀಚರ್
ಡಾಕ್ಟ್ರೇ, ಡಿಎಚ್‌ಟಿ ಇಲ್ಲದಿದ್ದರೆ ಗಂಡು ಮಗುವಿಗೆ ಏನಾಗುತ್ತೆ ಅಂತ ಹೇಗೆ ತಿಳಿಯಿತು? ಬಸುರಿಯರ ಮೇಲೆ ಯಾರೂ ಪ್ರಯೋಗ ಮಾಡಿರಲ್ಲ ಅಲ್ವಾ?

ಬೆಟ್ಟದ ಡಾಕ್ಟ್ರು
ಒಳ್ಳೆಯ ಪ್ರಶ್ನೆ ಟೀಚರೇ. ಡೊಮಿನಿಕನ್ ರಿಪಬ್ಲಿಕ್ ದೇಶದ ಒಂದು ಹಳ್ಳಿ ಕಡೆ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಇರಲಿಲ್ಲ. ಹುಟ್ಟಿದಾಗ ಹೆಣ್ಣು ಮಗು ಎಂದೇ ಸಾಕುತ್ತಿದ್ದರು. ಹರೆಯ ಬಂದಾಗ ಟೆಸ್ಟೋಸ್ಟೆರಾನ್ ಏರಿ ದನಿ ಒಡೆದು, ಮೈಕಟ್ಟು ಬಂದು, ಗಂಡು ಎಂದು ತಿಳಿಯುತ್ತಿತ್ತು. 1974ರಲ್ಲಿ ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಜೊತೆಯವರು ಇದನ್ನು ಬರೆದರು. ಅವರು ದೊಡ್ಡವರಾದ ಮೇಲೂ ಪ್ರಾಸ್ಟೇಟ್ ಚಿಕ್ಕದಾಗಿಯೇ ಇತ್ತು, ನೆತ್ತಿ ಬೋಳಾಗಲಿಲ್ಲ. ಔಷಧ ಕಂಪನಿಗೆ ದಾರಿ ಕಂಡದ್ದು ಅಲ್ಲಿಂದ. 1992ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟಿಗೆ 5 ಮಿಲಿಗ್ರಾಂ, 1997ರಲ್ಲಿ ಕೂದಲಿಗೆ 1 ಮಿಲಿಗ್ರಾಂ ಒಪ್ಪಿಗೆ ಪಡೆಯಿತು.

ಪೊನ್ನಂಪೇಟೆ ಟೀಚರ್
ಆ ಮಕ್ಕಳು ಹರೆಯ ಬರುವ ತನಕ ಎಷ್ಟು ಗೊಂದಲದಲ್ಲಿ ಬೆಳೆದಿರಬೇಕು. ಮನಸ್ಸಿಗೆ ಬಹಳ ತಟ್ಟಿತು.

ಗೋಣಿಕೊಪ್ಪ ಲಿಫ್ಟರ್
ತಮ್ಮನಿಗೆ ಹೇಳಿ, ತಗೊಳ್ಳೋದು ಒಳ್ಳೇದೇ. ನಮ್ಮ ಜಿಮ್ಮಿನಲ್ಲಿ ಇಂಜೆಕ್ಷನ್ ಹಾಕೋರೆಲ್ಲ ಜೊತೆಗೆ ಫಿನಾಸ್ಟರೈಡ್ ತಗೊಳ್ತಾರೆ. ಟೆಸ್ಟೋಸ್ಟೆರಾನ್ ಜೊತೆ ಡೆಕಾ ಹೊಡೆದರೂ ಕೂದಲು ಉಳಿಯುತ್ತೆ. ಕೋಚ್ ಹೇಳಿದ್ದು. ಎರಡು ತಿಂಗಳಿಂದ ನಾನೂ ಅದೇ ಮಾಡ್ತಿದ್ದೀನಿ.

ಬೆಟ್ಟದ ಡಾಕ್ಟ್ರು
ನಿಮ್ಮ ಕೋಚ್ ಹೇಳಿದ್ದು ಟೆಸ್ಟೋಸ್ಟೆರಾನ್‌ಗೆ ಒಂದಿಷ್ಟು ಸರಿ, ಡೆಕಾಗೆ ತಿರುಗಾ ಮುರುಗಾ. ಡೆಕಾ ಅಂದರೆ ನಾಂಡ್ರೊಲೋನ್. ಅದೇ ಕಿಣ್ವ ನಾಂಡ್ರೊಲೋನನ್ನು ಬದಲಾಯಿಸಿದಾಗ ಹುಟ್ಟುವುದು ಮೊದಲಿಗಿಂತ ದುರ್ಬಲ ಹಾರ್ಮೋನ್. ನೆತ್ತಿಯಲ್ಲಿ ಆ ಕಿಣ್ವ ನಿಮ್ಮ ಕೂದಲನ್ನು ಕಾಯುತ್ತಿತ್ತು. ಫಿನಾಸ್ಟರೈಡ್ ಹಾಕಿ ಆ ಕಾವಲನ್ನೇ ತೆಗೆದಿರಿ.

ಕೂದಲಿಗಿಂತ ನನಗೆ ಚಿಂತೆ ಬೇರೆ. ಹೊರಗಿನಿಂದ ಹಾರ್ಮೋನ್ ಬಂದಾಗ ಮಿದುಳು ವೃಷಣಗಳಿಗೆ ಕಳಿಸುವ ಸಂಕೇತ ನಿಲ್ಲಿಸುತ್ತದೆ. ವೃಷಣ ಸಣ್ಣದಾಗುತ್ತದೆ, ವೀರ್ಯಾಣು ಸೊನ್ನೆಗೆ ಬರಬಹುದು. ನಿಲ್ಲಿಸಿದ ಮೇಲೆ ಮರಳಲು ತಿಂಗಳುಗಳು, ಕೆಲವರಿಗೆ ವರ್ಷಕ್ಕಿಂತ ಜಾಸ್ತಿ ಬೇಕು. ರಕ್ತ ದಪ್ಪ ಆಗುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ. ಹಿಮೋಗ್ಲೋಬಿನ್, ಹಿಮಟೋಕ್ರಿಟ್, ಲಿಪಿಡ್, ಬಿಪಿ ಈ ವಾರವೇ ನೋಡಿಸಿ. ರಕ್ತ ಎಷ್ಟು ದಪ್ಪ ಎಂದು ಹೇಳುವ ಹಿಮಟೋಕ್ರಿಟ್ 54% ದಾಟಿದ್ದರೆ ತಡ ಮಾಡದೆ ವೈದ್ಯರ ಹತ್ತಿರ ಹೋಗಿ, ಏನು ಹಾಕ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ.

ಗೋಣಿಕೊಪ್ಪ ಲಿಫ್ಟರ್
ಮುಂದಿನ ವರ್ಷ ಮದುವೆ ಮಾತು ನಡೀತಿದೆ. ವೀರ್ಯಾಣು ಪರೀಕ್ಷೆ ಈಗಲೇ ಮಾಡಿಸಬೇಕಾ?

ಬೆಟ್ಟದ ಡಾಕ್ಟ್ರು
ಈಗಲೇ ಒಂದು ಮಾಡಿಸಿ. ನಿಲ್ಲಿಸಿ ಮೂರು ತಿಂಗಳಾದ ಮೇಲೆ ಇನ್ನೊಂದು. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಹಿಡಿಯುತ್ತದೆ, ಅದಕ್ಕೇ ಮಧ್ಯೆ ಮಾಡಿಸಿ ಪ್ರಯೋಜನ ಇಲ್ಲ. ನಿಲ್ಲಿಸಿದ ಕೂಡಲೇ ಸುಸ್ತು, ಮನಸ್ಸಿಗೆ ಬೇಸರ ಬರುತ್ತದೆ. ಆಗ ಕೋಚ್ ಮತ್ತೊಂದು ಇಂಜೆಕ್ಷನ್ ತಂದುಕೊಡುತ್ತಾರೆ. ಬೇಡ. ಎಂಡೊಕ್ರೈನಾಲಜಿಸ್ಟ್ ನೋಡಿ.

ಹಾಕಿ ಮೈದಾನ
ಕೌಟುಂಬಿಕ ಹಾಕಿ ಆಡೋ ಹುಡುಗರಿಗೂ ಇದನ್ನು ಓದಿಸಬೇಕು. ಫಿನಾಸ್ಟರೈಡ್ ತಗೊಂಡ್ರೆ ಡೋಪ್ ಟೆಸ್ಟಿನಲ್ಲಿ ಸಿಕ್ಕಿ ಬೀಳ್ತಾರೆ ಅಲ್ವಾ? ನನ್ನ ಅಣ್ಣನ ಮಗ ರಾಜ್ಯ ತಂಡದ ಕ್ಯಾಂಪಿನಲ್ಲಿದ್ದಾನೆ.

ಬೆಟ್ಟದ ಡಾಕ್ಟ್ರು
ಅದು ಹಳೆಯ ಮಾತು. 2005ರಿಂದ ನಿಷೇಧದಲ್ಲಿತ್ತು, ಬೇರೆ ಸ್ಟೀರಾಯ್ಡ್ ಗುರುತನ್ನು ಮರೆಮಾಡುತ್ತದೆ ಎಂಬ ಕಾರಣಕ್ಕೆ. ಅಮೆರಿಕದ ಝಾಕ್ ಲಂಡ್ ಎಂಬ, ಮಂಜಿನ ಮೇಲೆ ಜಾರುಬಂಡಿ ಓಡಿಸುವ ಸ್ಕೆಲಿಟನ್ ಆಟಗಾರ ಕೂದಲಿಗೆ ತಗೊಂಡು 2006ರ ಚಳಿಗಾಲದ ಒಲಿಂಪಿಕ್ಸ್ ಕಳೆದುಕೊಂಡರು. 2009ರಲ್ಲಿ ಪಟ್ಟಿಯಿಂದ ತೆಗೆದರು. ನಾಂಡ್ರೊಲೋನ್, ಟೆಸ್ಟೋಸ್ಟೆರಾನ್ ಮಾತ್ರ ಈಗಲೂ ನಿಷೇಧ.

ಬಿಟ್ಟಂಗಾಲ ರೋಡ್
ತಮ್ಮನಿಗೆ ಇಂದೇ ಬಿಡಿಸಿ. ಇಂಟರ್ನೆಟ್ ತುಂಬಾ ಇದೆ, ಗಂಡಸುತನ ಹೋಗುತ್ತೆ, ಶಾಶ್ವತವಾಗಿ. ನನ್ನ ಗೆಳೆಯನಿಗೆ ಹಾಗೇ ಆಯ್ತು. ಮಾತ್ರೆ ಬಿಟ್ಟು ಒಂದು ವರ್ಷ ಆದರೂ ಸರಿ ಹೋಗಿಲ್ಲ.

ಏಲಕ್ಕಿ ಮಲೆ
ಆರೇಳು ವರ್ಷದಿಂದ ತಗೊಳ್ತಿದ್ದೀನಿ, 1 ಮಿಲಿಗ್ರಾಂ. ಎರಡು ಮಕ್ಕಳಾಗಿವೆ. ಏನೂ ಆಗಿಲ್ಲ. ಸುಮ್ನೆ ಹೆದರಿಸ್ತಾರೆ.

ಬಿಟ್ಟಂಗಾಲ ರೋಡ್
ನಿಮಗೆ ಆಗಿಲ್ಲ ಅಂದರೆ ಯಾರಿಗೂ ಆಗಲ್ಲ ಅಂತಲ್ಲ. ನನ್ನ ಗೆಳೆಯ ಸುಳ್ಳು ಹೇಳ್ತಾನಾ?

ಬೆಟ್ಟದ ಡಾಕ್ಟ್ರು
ಇಬ್ಬರೂ ನಿಮ್ಮ ನಿಮ್ಮ ಕಂಡದ್ದನ್ನೇ ಹೇಳುತ್ತಿದ್ದೀರಿ. 1 ಮಿಲಿಗ್ರಾಂ ಪರೀಕ್ಷೆಯ ಮೊದಲ ವರ್ಷದಲ್ಲಿ ಲೈಂಗಿಕ ತೊಂದರೆ ಹೇಳಿದವರು 3.8%. ಔಷಧಿಯೇ ಇಲ್ಲದ ಸಪ್ಪೆ ಮಾತ್ರೆ ತಗೊಂಡವರಲ್ಲೂ 2.1% ಜನ ಅದನ್ನೇ ಹೇಳಿದರು. ಹೆಚ್ಚಿನವರಿಗೆ ಬಿಟ್ಟ ಮೇಲೆ ಸರಿ ಹೋಯಿತು. ಕೆಲವರಿಗೆ ಬಿಟ್ಟ ಮೇಲೂ ಉಳಿದಿದೆ, ಅದು ಔಷಧದ ಜೊತೆ ಬರುವ ಮಾಹಿತಿ ಹಾಳೆಯಲ್ಲೇ ಇದೆ. ಎಷ್ಟು ಜನರಿಗೆ, ಯಾಕೆ ಎನ್ನುವುದರಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ.

ಮನಸ್ಸಿನ ವಿಷಯ ಇನ್ನೂ ಗಂಭೀರ. 2025ರಲ್ಲಿ ಯುರೋಪಿನ ಔಷಧ ಸಂಸ್ಥೆ ಸಾಯಬೇಕೆನಿಸುವ ಯೋಚನೆಯನ್ನು ಫಿನಾಸ್ಟರೈಡ್ ಮಾತ್ರೆಯ ಅಡ್ಡ ಪರಿಣಾಮ ಎಂದು ಒಪ್ಪಿಕೊಂಡಿತು. ಬಂದ ದೂರುಗಳಲ್ಲಿ ಹೆಚ್ಚಿನವು ಕೂದಲಿಗೆ 1 ಮಿಲಿಗ್ರಾಂ ತಗೊಂಡವರದ್ದೇ. ತಮ್ಮನಿಗೆ ಈ ಎಂಟು ತಿಂಗಳಲ್ಲಿ ಬೇಸರ, ನಿದ್ದೆ ಕೆಡುವುದು, ಯಾರೊಂದಿಗೂ ಮಾತು ಬೇಡ ಎನ್ನುವಂಥದ್ದು ಇದೆಯಾ? ಇದ್ದರೆ ಇವತ್ತೇ ಬಿಡಲಿ, ವೈದ್ಯರನ್ನು ನೋಡಲಿ. ಇಲ್ಲದಿದ್ದರೆ ಚರ್ಮದ ವೈದ್ಯರ ಹತ್ತಿರ ಹೋಗಿ ತನ್ನ ಹೆಸರಿನಲ್ಲಿ ಚೀಟಿ ಬರೆಸಿ, 1 ಮಿಲಿಗ್ರಾಂ ಮಾತ್ರೆಯನ್ನೇ ಕೊಳ್ಳಲಿ. ಬಿಟ್ಟರೆ ಒಂದು ವರ್ಷದೊಳಗೆ ಉಳಿಸಿಕೊಂಡ ಕೂದಲು ಹೋಗುತ್ತದೆ. ಅದನ್ನೂ ತಿಳಿದು ನಿರ್ಧಾರ ಮಾಡಲಿ.

ಏಲಕ್ಕಿಯವರೇ, ನಿಮಗೂ ಒಂದು ಮಾತು. 1 ಮಿಲಿಗ್ರಾಂ ಕೂಡ ಪಿಎಸ್‌ಎ ಇಳಿಸುತ್ತದೆ, ಹತ್ತಿರ ಹತ್ತಿರ ಅಷ್ಟೇ. ಮುಂದೆ ಐವತ್ತರ ಮೇಲೆ ಪಿಎಸ್‌ಎ ಮಾಡಿಸಿದಾಗ ಕೂದಲಿನ ಮಾತ್ರೆಯ ವಿಷಯ ಹೇಳಲು ಮರೆಯಬೇಡಿ.

ಏಲಕ್ಕಿ ಮಲೆ
ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಡಾಕ್ಟ್ರೇ.

ಸೋಮವಾರಪೇಟೆ ಅಕ್ಕ
ನನಗೆ ಪಿಸಿಓಡಿ. ಗಲ್ಲದ ಮೇಲೆ ಕೂದಲು ಬರುತ್ತೆ ಅಂತ ಸ್ಪೈರೊನೊಲ್ಯಾಕ್ಟೋನ್ ಕೊಟ್ಟಿದ್ದಾರೆ. ಗರ್ಭ ಆಗಬಾರದು ಎಂದು ಜೊತೆಗೆ ಗರ್ಭನಿರೋಧಕ ಗುಳಿಗೆ ಕೊಟ್ಟಾಗ ನನಗೆ ಯಾಕೆ ಅಂತ ಅರ್ಥ ಆಗಿರಲಿಲ್ಲ. ಈಗ ಆಯ್ತು. ಅದೂ ಗಂಡು ಹಾರ್ಮೋನ್ ತಡೆಯೋದೇ ತಾನೆ.

ಬೆಟ್ಟದ ಡಾಕ್ಟ್ರು
ಹೌದಮ್ಮ, ಅದೇ ಕಾರಣ. ಪೊಟಾಸಿಯಂ, ಬಿಪಿ ಬಗ್ಗೆ ನಿಮ್ಮ ವೈದ್ಯರನ್ನು ಒಮ್ಮೆ ಕೇಳಿ.

ಕಕ್ಕಬ್ಬೆ ಹುಡುಗ
ಸುಮಾರು ದಿನ ಆಯ್ತು, ವಿಷಯ ತಿಳಿಸುತ್ತೇನೆ. ತಮ್ಮ ಮಾತ್ರೆ ಬಿಟ್ಟಿದ್ದಾನೆ. ಬೇಸರ ಏನೂ ಇರಲಿಲ್ಲವಂತೆ, ಆದರೂ ಮಗು ಹುಟ್ಟುವ ತನಕ ಬೇಡ ಅಂದ. ಅವನ ಹೆಂಡತಿಯ ಸ್ಕ್ಯಾನ್ ಚೆನ್ನಾಗಿದೆ, ವೈದ್ಯೆಗೆ ಎಲ್ಲ ಹೇಳಿದಳು. ಅಪ್ಪ ಮಧ್ಯೆ ಯಾವತ್ತೂ ವಾರಗಟ್ಟಲೆ ಬಿಟ್ಟಿರಲಿಲ್ಲ ಅಂತ ಅಮ್ಮ ಖಡಾಖಂಡಿತ ಹೇಳಿದರು. ಆರು ವಾರ ದಿನಾ ಇಡೀ ಮಾತ್ರೆ ಕೊಟ್ಟು ಪರೀಕ್ಷೆ ಮಾಡಿಸಿದೆವು. ಮೂತ್ರದಲ್ಲಿ ಸೋಂಕು ಇಲ್ಲ. ಪಿಎಸ್‌ಎ 3.3.

ಯುರಾಲಜಿಸ್ಟ್ ಹಳೆಯ ಮೂರು ರಿಪೋರ್ಟ್ ಸಾಲಾಗಿ ಇಟ್ಟು ನೋಡಿದರು. ಬೆರಳಿಗೆ ಏನೂ ಸಿಗಲಿಲ್ಲ. ಆದರೆ ಎಂಆರ್‌ಐ ಬರೆದಿದ್ದಾರೆ, ಮುಂದಿನ ವಾರ. ಅಲ್ಲಿ ಗಂಟು ಕಂಡರೆ ಮತ್ತೆ ಬಯಾಪ್ಸಿ ಅಂತೆ.

ಮಡಿಕೇರಿ ಮಂಜು
ಒಳ್ಳೇದಾಗಲಿ. ಸಿದ್ದಾಪುರದ ಕಡೆಯಿಂದ ಹೋಗೋದಾದರೆ ಬೆಳಗ್ಗೆ ಬೇಗ ಹೊರಡಬೇಡಿ, ಆನೆ ರಸ್ತೆಯಲ್ಲೇ ಇರುತ್ತವೆ.

ವಿರಾಜಪೇಟೆ ಮೆಡಿಕಲ್
ಎಂಆರ್‌ಐ ಮಾಡುವವರಿಗೂ ಫಿನಾಸ್ಟರೈಡ್ ವಿಷಯ ಹೇಳಿ. ಮೊದಲ ಬಯಾಪ್ಸಿ ರಿಪೋರ್ಟ್ ಜೊತೆಗೇ ಇರಲಿ.

ಕಕ್ಕಬ್ಬೆ ಹುಡುಗ
ಸರಿ ಅಣ್ಣ. ಡಾಕ್ಟ್ರೇ, ಕೊನೆಯದಾಗಿ ಒಂದು. ತಮ್ಮ ಪ್ರತಿ ವರ್ಷ ರಕ್ತದಾನ ಶಿಬಿರದಲ್ಲಿ ಕೊಡ್ತಾನೆ. ಈ ಭಾನುವಾರ ಇದೆ. ಕೊಡಬಹುದಾ? ಮಾತ್ರೆ ಬಿಟ್ಟು ಎರಡು ತಿಂಗಳ ಹತ್ತಿರ ಆಯ್ತು.

ಬೆಟ್ಟದ ಡಾಕ್ಟ್ರು
ಕೊಡಬಹುದು. ಫಿನಾಸ್ಟರೈಡ್ ಬಿಟ್ಟು ಒಂದು ತಿಂಗಳು ಕಳೆದಿರಬೇಕು ಅಷ್ಟೆ. ಆ ರಕ್ತ ಬಸುರಿಗೆ ಹೋಗಬಹುದು ಅನ್ನೋದು ಕಾರಣ. ಇದೇ ಜಾತಿಯ ಡ್ಯುಟಾಸ್ಟರೈಡ್ ಆಗಿದ್ದರೆ ಆರು ತಿಂಗಳು ಕಾಯಬೇಕಿತ್ತು, ಅದು ದೇಹದಲ್ಲಿ ಬಹಳ ದಿನ ಉಳಿಯುತ್ತದೆ. ಫಾರ್ಮಿನಲ್ಲಿ ಔಷಧಿ ಕೇಳಿದ ಕಡೆ ತಾರೀಕು ಸಮೇತ ಬರೆಯಲಿ. ಎಂಆರ್‌ಐ ರಿಪೋರ್ಟ್ ಬಂದಾಗ ಇಲ್ಲಿ ಹಾಕಿ.